ಕೆಂಚೋ, ತೇಪೆಯೋ, ಬುಡವೇ ಬೇರೆಯೋ: ಮನೆಯಲ್ಲಿ ಹಚ್ಚಿದ ಹೇರ್ ಡೈಯನ್ನು ಫೋಟೋದಲ್ಲಿ ನೋಡಿ ತಪ್ಪು ಹುಡುಕುವುದು

ರಾತ್ರಿ ಒಂಬತ್ತೂವರೆಗೆ ಅತ್ತಿಗೆಯಿಂದ ಒಂದು ಫೋಟೋ ಬಂತು. ಬಚ್ಚಲುಮನೆ ಕನ್ನಡಿ ಮುಂದೆ ನಿಂತು ತೆಗೆದದ್ದು. ಹಿಂದೆಯೇ ಮೆಸೇಜು: "ನೋಡೇ, ತಲೆ ಪೂರ್ತಿ ಕಿತ್ತಳೆ ಹಣ್ಣಾಗಿದೆ. ಗೃಹಪ್ರವೇಶಕ್ಕೆ ಹದಿನೈದೇ ದಿನ. ಬೆಳಿಗ್ಗೆ ಎದ್ದ ತಕ್ಷಣ ಕಪ್ಪು ಹಚ್ಚಿಬಿಡ್ಲಾ?"

ನಮ್ಮ ಮನೆಯ ಮುಂದಿನ ರೂಮಿನಲ್ಲೇ ನನ್ನದೊಂದು ಸಣ್ಣ ಪಾರ್ಲರ್ ಇದೆ. ಇಂಥ ಫೋಟೋಗಳು ನನಗೆ ವಾರಕ್ಕೆ ಎರಡಾದರೂ ಬರುತ್ತವೆ. ಕೂದಲು ನೋಡುವ ಮೊದಲು ನಾನು ಫೋಟೋದಲ್ಲಿ ಬೇರೆ ಏನೇನಿದೆ ಅಂತ ನೋಡುತ್ತೇನೆ. ಅತ್ತಿಗೆ ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡಿದ್ದರು. ಫೋಟೋದಲ್ಲಿ ಆ ಟವೆಲ್ಲೂ ಕಿತ್ತಳೆ ಬಣ್ಣಕ್ಕೇ ಇತ್ತು. ಗೋಡೆಯ ಬಿಳಿ ಟೈಲ್ಸ್ ಬೆಣ್ಣೆ ಕಾಯಿಸಿದ ಹಾಗೆ ಹಳದಿ.

"ಏನೂ ಹಚ್ಚಬೇಡಿ ಅತ್ತಿಗೆ. ಬೆಳಿಗ್ಗೆ ಹತ್ತು ಗಂಟೆಗೆ ಕೂದಲು ಒಣಗಿಸಿಕೊಂಡು, ಎಣ್ಣೆ ಮುಟ್ಟಿಸದೆ, ವರಾಂಡದಲ್ಲಿ ನಿಂತು ಇನ್ನೊಮ್ಮೆ ತೆಗೆದು ಕಳಿಸಿ. ಕೈಯಲ್ಲಿ ಒಂದು ಬಿಳಿ ಹಾಳೆ ಇರಲಿ" ಅಂದೆ.

ಬೆಳಗಿನ ಫೋಟೋದಲ್ಲಿ ತಲೆ ಪೂರ್ತಿ ಕಿತ್ತಳೆ ಇರಲಿಲ್ಲ. ಆದರೆ ಏನೂ ಆಗಿಲ್ಲ ಅನ್ನುವ ಹಾಗೂ ಇರಲಿಲ್ಲ. ಒಂದೇ ತಲೆಯಲ್ಲಿ ಮೂರು ಬೇರೆ ಬೇರೆ ತಪ್ಪುಗಳಿದ್ದವು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ರಾತ್ರಿಯೇ ತಲೆ ತುಂಬಾ ಕಪ್ಪು ಬಳಿದುಕೊಂಡಿದ್ದರೆ ಒಂದಂತೂ ಹಾಗೇ ಉಳಿಯುತ್ತಿತ್ತು.

ಮೊದಲು ಫೋಟೋ ಸರಿಯಾಗಿರಲಿ

ಫೋನಿನ ಕ್ಯಾಮೆರಾ ಎರಡು ಕಡೆ ಮೋಸ ಮಾಡುತ್ತದೆ. ಒಂದು ಬಣ್ಣದಲ್ಲಿ, ಇನ್ನೊಂದು ಬೆಳಕಿನ ಪ್ರಮಾಣದಲ್ಲಿ.

ಬಣ್ಣದ ಮೋಸ ಎಲ್ಲರಿಗೂ ಗೊತ್ತಿರುವುದೇ. ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ ಇರುತ್ತದೆ. ಬಿಳಿ ಟ್ಯೂಬ್‌ಲೈಟ್ 6500ರ ಹತ್ತಿರ. ಹಳದಿ ಬಲ್ಬಿನ ಕೆಳಗೆ ಕಂದು ಕೂದಲು ತಾಮ್ರದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟಿನಲ್ಲಿ ಅದೇ ಕೂದಲಿನ ಕೆಂಪು ಅಡಗಿ, ಏನೂ ಆಗಿಲ್ಲ ಅನ್ನಿಸುತ್ತದೆ. ಸಂಜೆ ಬಿಸಿಲಂತೂ ಎಲ್ಲರನ್ನೂ ಕೆಂಚರನ್ನಾಗಿ ಮಾಡುತ್ತದೆ. ಬಿಸಿಲಿಗೆ ಬೆನ್ನು ಹಾಕಿ ನಿಂತರೆ ಬೆಳಕು ಕೂದಲಿನೊಳಗೇ ಹಾದು ಬರುವುದರಿಂದ, ಡೈಯನ್ನೇ ಮುಟ್ಟದ ಕಪ್ಪು ಕೂದಲಿನ ಅಂಚೂ ಕೆಂಪಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾದವರು ಎಷ್ಟೋ ಜನ.

ಎರಡನೇ ಮೋಸ ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ಫ್ರೇಮಿನ ತುಂಬಾ ಕಪ್ಪು ತಲೆಯೇ ಇದ್ದರೆ ಕ್ಯಾಮೆರಾ "ಇಲ್ಲಿ ಕತ್ತಲೆ ಜಾಸ್ತಿ" ಅಂದುಕೊಂಡು ಬೆಳಕು ಏರಿಸುತ್ತದೆ. ಕಪ್ಪು ಕಂದಾಗುತ್ತದೆ, ಕಂದು ಇನ್ನೂ ತಿಳಿಯಾಗುತ್ತದೆ. ಅದಕ್ಕೇ ನಾನು ಬಿಳಿ ಹಾಳೆ ಕೇಳುವುದು. ಹಾಳೆಯನ್ನು ಕೂದಲಿಗೆ ತಾಗಿಸಿ ಹಿಡಿಯಬೇಕು. ಆಮೇಲೆ ಸ್ಕ್ರೀನಿನಲ್ಲಿ ಹಾಳೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಬೇಕು. ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ. ಹಾಗೆ ಮಾಡಿದಾಗ ಕೂದಲು ತೀರಾ ಕಪ್ಪಾಗಿ ಬಂತಾದರೆ ಬೆಳಕನ್ನು ಒಂಚೂರು ಏರಿಸಿ. ಹಾಳೆ ಬಿಳಿಯಾಗಿಯೇ ಇರಬೇಕು, ಆದರೆ ಬೆಳಗಿ ಕಣ್ಣು ಕುಕ್ಕಬಾರದು.

ಜಾಗ ಎಲ್ಲಿ ಅಂದರೆ, ನೇರ ಬಿಸಿಲು ಬೀಳದ ವರಾಂಡ ಅಥವಾ ಕಿಟಕಿಯ ಪಕ್ಕ. ಹೊತ್ತು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ. ಮನೆಯೊಳಗಿನ ಲೈಟು ಆರಿಸಿ, ಇಲ್ಲದಿದ್ದರೆ ತಲೆಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ ಬರುತ್ತದೆ. ಪಕ್ಕದ ಗೋಡೆಗೆ ಗಾಢ ಪೇಂಟ್ ಹೊಡೆದಿದ್ದರೆ ಅಲ್ಲಿಂದ ದೂರ ಸರಿಯಿರಿ. ಅತ್ತಿಗೆಯ ಮನೆಯ ವರಾಂಡಕ್ಕೆ ಇಟ್ಟಿಗೆ ಬಣ್ಣ. ಹಾಗಾಗಿ ಗೇಟಿನ ಹತ್ತಿರ ನಿಲ್ಲಿಸಿದ್ದೆ.

ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರ ಕೈಲಿ ತೆಗೆಸಿ. ಫ್ಲ್ಯಾಶ್, ಬ್ಯೂಟಿ ಮೋಡ್, ಪೋರ್ಟ್ರೇಟ್ ಎಲ್ಲ ಆಫ್ ಇರಲಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಕಲಸಿಹೋಗಿ ಕಾಣಿಸುವುದೇ ಇಲ್ಲ. ನೋಡುವವರೂ ತಮ್ಮ ಫೋನಿನಲ್ಲಿ ಕಣ್ಣಿಗೆ ಹಿತ ಅಂತ ಹಾಕಿಕೊಂಡ ಹಳದಿ ಸ್ಕ್ರೀನ್ ಮೋಡ್ ತೆಗೆದು ನೋಡಬೇಕು. ನಾನೇ ಒಮ್ಮೆ ರಾತ್ರಿ ಆ ಮೋಡ್‌ನಲ್ಲಿ ನೋಡಿ, ಚೆನ್ನಾಗಿ ಬಂದಿದ್ದ ತಲೆಯನ್ನು ಕೆಂಚು ಅಂದುಬಿಟ್ಟಿದ್ದೆ.

ಇಷ್ಟಾದ ಮೇಲೂ ಹಾಳೆ ಹಳದಿಯಾಗಿಯೋ ನೀಲಿಯಾಗಿಯೋ ಬಂದಿದ್ದರೆ ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್ ಪಿಕ್ಕರ್ ತೆಗೆದುಕೊಂಡು ಹಾಳೆಯ ಮೇಲೆ ಇಡಿ. ಹಾಳೆ ಬಿಳಿಯಾದಾಗ ಕೂದಲಿನ ನಿಜ ಬಣ್ಣ ಹೆಚ್ಚುಕಡಿಮೆ ಸಿಗುತ್ತದೆ. ಆದರೆ ಹಳದಿ ಬಲ್ಬಿನ ಫೋಟೋವನ್ನು ಹೀಗೆ ಪೂರ್ತಿ ರಿಪೇರಿ ಮಾಡಲು ಆಗುವುದಿಲ್ಲ. ಅದನ್ನು ಎಸೆದು ಹೊಸದು ತೆಗೆಯುವುದೇ ವಾಸಿ.

ಯಾವ ಯಾವ ಕಡೆಯಿಂದ

ಬೈತಲೆ ಮೇಲಿನಿಂದ ಒಂದು, ಎರಡೂ ಕಿವಿಯ ಮುಂಭಾಗದ್ದು ಒಂದೊಂದು, ಕೂದಲೆತ್ತಿ ಹಿಡಿದು ಕಿವಿ ಹಿಂದಿನದು, ಹೆಡತಲೆಯದು ಒಂದು, ಕೂದಲು ಇಳಿಬಿಟ್ಟು ಬೆನ್ನ ಕಡೆಯಿಂದ ಒಂದು. ಇವಿಷ್ಟು ಸಾಕು. ಎಲ್ಲವೂ ಒಂದೇ ಜಾಗದಲ್ಲಿ, ಒಂದೇ ಲೆನ್ಸಿನಲ್ಲಿ. ಬೈತಲೆಯನ್ನು ಎಂದಿನ ಜಾಗದಲ್ಲಿ ತೆಗೆದ ಮೇಲೆ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯಿರಿ. ಡೈ ಹಚ್ಚಿಕೊಳ್ಳುವಾಗ ಎಲ್ಲರೂ ಎಂದಿನ ಬೈತಲೆಗೆ ಧಾರಾಳವಾಗಿ ಹಚ್ಚಿರುತ್ತಾರೆ, ಪಕ್ಕದ ಸಾಲಿಗೆ ಅಲ್ಲ.

ಹಚ್ಚಿದ ದಿನವೇ ತೀರ್ಪು ಕೊಡಬೇಡಿ. ನೆತ್ತಿಯ ಚರ್ಮಕ್ಕೆ ಅಂಟಿದ ಡೈ ಬುಡವನ್ನು ಇದ್ದದ್ದಕ್ಕಿಂತ ಕಪ್ಪಾಗಿ ತೋರಿಸುತ್ತದೆ. ಒಂದೆರಡು ಸಲ ತಲೆಗೆ ನೀರು ಹಾಕಿಕೊಂಡ ಮೇಲೆ ಅದು ಹೋಗುತ್ತದೆ. ಅತ್ತಿಗೆಗೆ ಮೂರು ದಿನ ಬಿಟ್ಟು ಮತ್ತೊಂದು ಸೆಟ್ ಕಳಿಸಲು ಹೇಳಿದ್ದೆ. ಕೊನೆಗೆ ತೀರ್ಮಾನ ಮಾಡಿದ್ದು ಅದನ್ನೇ ನೋಡಿ.

ಬುಡ ಮತ್ತು ಉದ್ದ ಹೊಂದಿದೆಯಾ

ಇದನ್ನೇ ಮೊದಲು ನೋಡುತ್ತೇನೆ. ಯಾಕೆಂದರೆ ಕೆಂಚು ಅಂತ ಬರುವ ದೂರುಗಳಲ್ಲಿ ಬಹುಪಾಲು ನಿಜವಾಗಿ ಬುಡ ಮತ್ತು ಉದ್ದದ ನಡುವಿನ ಜಗಳ. ಪಕ್ಕದಲ್ಲಿ ಗಾಢ ಕಪ್ಪು ಇದ್ದಾಗ ಸಾಧಾರಣ ಕಂದೂ ಕಿತ್ತಳೆಯ ಹಾಗೆ ಕಾಣುತ್ತದೆ.

ಫೋಟೋದಲ್ಲಿ ಒಂದು ತೊಡಕಿದೆ. ನೆತ್ತಿಗೆ ಮೇಲಿನಿಂದ ಬೆಳಕು ಜಾಸ್ತಿ ಬೀಳುತ್ತದೆ, ಇಳಿಬಿಟ್ಟ ಕೂದಲಿಗೆ ಕಡಿಮೆ. ಹಾಗಾಗಿ ಒಂದೇ ಬಣ್ಣ ಇದ್ದರೂ ಬುಡ ತಿಳಿಯಾಗಿ ಕಾಣುತ್ತದೆ. ಇದಕ್ಕೆ ನಾನು ಮಾಡುವ ಉಪಾಯ ಸರಳ. ಬೈತಲೆ ಪಕ್ಕದಿಂದ ಒಂದು ಸಣ್ಣ ಎಳೆ, ಪೆನ್ಸಿಲ್ ದಪ್ಪದ್ದು, ತೆಗೆದುಕೊಳ್ಳಿ. ಅದರ ನಡುಭಾಗವನ್ನು ಮಡಚಿ ತಂದು ಬೈತಲೆಯ ಪಕ್ಕದಲ್ಲೇ, ಬುಡದ ಮೇಲೆ ಅಡ್ಡಲಾಗಿ ಮಲಗಿಸಿ. ಈಗ ಬುಡವೂ ಉದ್ದವೂ ಒಂದೇ ಬೆಳಕಿನಲ್ಲಿ, ಅಕ್ಕಪಕ್ಕ. ಇದನ್ನು ಒಂದು ಅಡಿ ದೂರದಿಂದ ತೆಗೆಯಿರಿ. ಹೊಳಪಿನ ಬಿಳಿ ಗೆರೆ ಬಿದ್ದಿರುವ ಜಾಗವನ್ನು ನೋಡಬೇಡಿ, ನೆರಳಿನ ಕಪ್ಪನ್ನೂ ನೋಡಬೇಡಿ. ಅವೆರಡರ ನಡುವಿನ ಜಾಗದಲ್ಲಿ ಇರುವುದೇ ಕೂದಲಿನ ಬಣ್ಣ.

ಆಮೇಲೆ ಆ ಫೋಟೋದ ಒಂದು ಕಾಪಿ ಮಾಡಿ, ಎಡಿಟ್‌ನಲ್ಲಿ ಸ್ಯಾಚುರೇಶನ್ ಪೂರ್ತಿ ಇಳಿಸಿ ಕಪ್ಪುಬಿಳುಪು ಮಾಡಿ. ರೆಡಿಮೇಡ್ ಕಪ್ಪುಬಿಳುಪು ಫಿಲ್ಟರ್ ಬೇಡ, ಅವು ಕಪ್ಪನ್ನು ಇನ್ನೂ ಕಪ್ಪು ಮಾಡಿಬಿಡುತ್ತವೆ. ಈಗ ನೋಡಿ. ಕಪ್ಪುಬಿಳುಪಿನಲ್ಲೂ ಬುಡ ತಿಳಿ, ಎಳೆ ಗಾಢ ಅಂತ ಕಂಡರೆ ತಪ್ಪು ಇರುವುದು ಗಾಢತೆಯಲ್ಲಿ, ಅಂದರೆ ಶೇಡಿನ ನಂಬರಿನಲ್ಲಿ. ಕಪ್ಪುಬಿಳುಪಿನಲ್ಲಿ ಎರಡೂ ಒಂದೇ ಆಗಿ, ಕಲರ್ ಫೋಟೋದಲ್ಲಿ ಮಾತ್ರ ಬೇರೆ ಕಂಡರೆ ತಪ್ಪು ಇರುವುದು ಛಾಯೆಯಲ್ಲಿ, ಅಂದರೆ ಕೆಂಪು ಅಥವಾ ಹಳದಿ ಜಾಸ್ತಿಯಾಗಿದೆ. ಎರಡಕ್ಕೂ ಒಂದೇ ಮದ್ದು ಹಾಕಿದರೆ ಕೆಡುತ್ತದೆ. ಗಾಢತೆ ಹೊಂದದಿದ್ದಾಗ ಬಣ್ಣ ತಿದ್ದುವ ಶಾಂಪೂ ಎಷ್ಟು ಹಾಕಿದರೂ ಪ್ರಯೋಜನ ಇಲ್ಲ.

ಅತ್ತಿಗೆಯ ಫೋಟೋದಲ್ಲಿ ಮೂರು ಪಟ್ಟೆ ಕಂಡವು. ಚರ್ಮದಿಂದ ಸುಮಾರು ಒಂದೂವರೆ ಸೆಂಟಿಮೀಟರ್ ತನಕ ತಿಳಿ ತಾಮ್ರ. ಅಲ್ಲಿಂದ ಮುಂದೆ ಮೂರು ಸೆಂಟಿಮೀಟರ್ ಕೆಂಪು ಮಿಶ್ರಿತ ಕಂದು. ಅದರಾಚೆ ಸೊಂಟದ ತನಕ ಅಚ್ಚ ಕಪ್ಪು. ಕಪ್ಪುಬಿಳುಪು ಮಾಡಿದಾಗಲೂ ಮೂರು ಪಟ್ಟೆ ಮೂರಾಗಿಯೇ ಉಳಿದವು.

"ಅತ್ತಿಗೆ, ಮೊದಲು ಏನು ಹಚ್ಚುತ್ತಿದ್ದಿರಿ?" ಅಂತ ಕೇಳಿದೆ. ಎಂಟು ವರ್ಷದಿಂದ ಕಪ್ಪು ಡೈ. ನಾಲ್ಕು ತಿಂಗಳಿಂದ ನಿಲ್ಲಿಸಿದ್ದರು. ಈಗ ಹಚ್ಚಿದ್ದು ಬಾಕ್ಸಿನ 5.3, ಹೊಂಬಣ್ಣದ ತಿಳಿಕಂದು. ಬುಡದಿಂದ ತುದಿಯ ತನಕ ಒಂದೇ ಸಲ ಹಚ್ಚಿ ಮೂವತ್ತೈದು ನಿಮಿಷ ಬಿಟ್ಟಿದ್ದರು.

ಲೆಕ್ಕ ಸರಿಹೋಯಿತು. ಕೂದಲು ತಿಂಗಳಿಗೆ ಸುಮಾರು ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ತಿಂಗಳಿಗೆ ನಾಲ್ಕೂವರೆ. ಅಷ್ಟು ಉದ್ದಕ್ಕೆ ಹಳೇ ಡೈ ಇರಲಿಲ್ಲ. ಬಾಕ್ಸಿನ ಎರಡನೇ ಟ್ಯೂಬು ಅಥವಾ ಬಾಟಲಿಯಲ್ಲಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್. ಸಾಮಾನ್ಯವಾಗಿ 6%, ಪಾರ್ಲರ್ ಭಾಷೆಯಲ್ಲಿ 20 ವಾಲ್ಯೂಮ್. ಅದು ಸಹಜ ಕಪ್ಪನ್ನು ಒಂದೆರಡು ಮೆಟ್ಟಿಲು ತಿಳಿ ಮಾಡುತ್ತದೆ. ನೆತ್ತಿಯ ಬಿಸಿ ತಾಗುವ ಮೊದಲ ಸೆಂಟಿಮೀಟರಿನಲ್ಲಿ ಈ ಕೆಲಸ ಇನ್ನೂ ಬೇಗ. ಆದ್ದರಿಂದ ಬುಡ ಎಲ್ಲಕ್ಕಿಂತ ತಿಳಿ. ಆದರೆ ಹಳೇ ಡೈಯ ಕಪ್ಪನ್ನು ಹೊಸ ಡೈ ತೆಗೆಯುವುದಿಲ್ಲ. ಬಣ್ಣದ ಮೇಲೆ ಬಣ್ಣ ಹಚ್ಚಿದರೆ ಗಾಢವಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ಅದಕ್ಕೇ ನಾಲ್ಕೂವರೆ ಸೆಂಟಿಮೀಟರಿನ ಆಚೆ ಏನೂ ಬದಲಾಗಲಿಲ್ಲ. ಬಾಕ್ಸಿನ ಮೇಲಿನ ಹುಡುಗಿಯ ಕೂದಲಿಗೆ ಎಂಟು ವರ್ಷದ ಕಪ್ಪು ಡೈ ಇರಲಿಲ್ಲವಲ್ಲ.

ಕೆಂಚು ನಿಜವಾ

ಡೈ ಹಾಕಿದ ಕೂದಲು ಕೆಂಚಾಗುವುದಕ್ಕೆ ಒಂದು ಕಾರಣ ಕೂದಲಿನೊಳಗೇ ಇದೆ. ನಮ್ಮ ಕಪ್ಪು ಕೂದಲಲ್ಲಿ ಕಪ್ಪುಕಂದು ಬಣ್ಣಕಣವೂ ಇದೆ, ಕೆಂಪುಹಳದಿ ಬಣ್ಣಕಣವೂ ಇದೆ. ಪೆರಾಕ್ಸೈಡಿಗೆ ಕಪ್ಪುಕಂದು ಬೇಗ ಸೋಲುತ್ತದೆ, ಕೆಂಪುಹಳದಿ ಹಟ ಹಿಡಿದು ಕೂರುತ್ತದೆ. ಹಾಗಾಗಿ ಕಪ್ಪು ಕೂದಲನ್ನು ತಿಳಿ ಮಾಡುತ್ತಾ ಹೋದರೆ ಮೊದಲು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ ಕಾಣುತ್ತದೆ. ಮನೆ ಡೈಯಲ್ಲಿ ನಾವು ಕೆಂಪಿನ ಹಂತದಲ್ಲೇ ಇರುತ್ತೇವೆ.

ಫೋಟೋದಲ್ಲಿ ಎಲ್ಲಿ ಕೆಂಚಾಗಿದೆ ಅನ್ನುವುದರಿಂದಲೇ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ. ತಲೆ ಪೂರ್ತಿ ಒಂದೇ ಸಮ ಕೆಂಚು ಕಂಡರೆ ಮೊದಲು ಹಾಳೆ ನೋಡಿ, ಆಮೇಲೆ ಹುಬ್ಬು ನೋಡಿ. ಹುಬ್ಬಿಗೆ ಡೈ ಹಚ್ಚಿಲ್ಲ ತಾನೆ? ಹುಬ್ಬೂ ಕಂದಾಗಿ ಕಂಡರೆ ತಪ್ಪು ಬೆಳಕಿನದು. ಬುಡದಲ್ಲಿ ಮಾತ್ರ ಕೆಂಚು ಇದ್ದರೆ ಮೇಲೆ ಹೇಳಿದ ಕಥೆ. ತುದಿಯಲ್ಲಿ ಮಾತ್ರ ಇದ್ದರೆ ಅದು ಈ ಸಲದ ತಪ್ಪಲ್ಲ. ಹಳೇ ಡೈ ಬಿಸಿಲಿಗೂ ಶಾಂಪೂಗೂ ಮಾಸಿ ಕೆಳಗಿನ ಕೆಂಪು ಮೇಲೆ ಬಂದಿರುತ್ತದೆ. ಕಬ್ಬಿಣದ ಅಂಶ ಇರುವ ಬೋರ್ ನೀರೂ ಇದಕ್ಕೆ ಸೇರಿಕೊಳ್ಳುತ್ತದೆ.

ಇನ್ನೊಂದು ಇದೆ. ಕೆಂಚು ಇರುವುದು ಬಿಳಿ ಕೂದಲು ಇದ್ದ ಜಾಗಗಳಲ್ಲಿ ಮಾತ್ರ. ಅತ್ತಿಗೆಗೆ ಕಿವಿ ಮುಂದೆ ಹಾಗೇ ಆಗಿತ್ತು. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಒಂದೊಂದೇ ಎಳೆ ಹೊಸ ತಾಮ್ರದ ತಂತಿಯ ಹಾಗೆ ಮಿನುಗುತ್ತಿತ್ತು. ಅದರ ಪಕ್ಕದ ಎಳೆ ಬರೀ ಕಂದು. ಬಿಳಿ ಕೂದಲಿನಲ್ಲಿ ಸ್ವಂತ ಬಣ್ಣ ಏನೂ ಇಲ್ಲ. ಬಾಕ್ಸಿನಲ್ಲಿ ಏನಿದೆಯೋ ಅದನ್ನೇ ಹಾಗಹಾಗೇ ತೋರಿಸುತ್ತದೆ. ಅತ್ತಿಗೆ ತಂದದ್ದು 5.3. ಹೆಚ್ಚಿನ ಬಾಕ್ಸುಗಳಲ್ಲಿ ಚುಕ್ಕಿಗೆ ಮೊದಲಿನ ಅಂಕಿ ಗಾಢತೆ. ಕಡಿಮೆ ಇದ್ದಷ್ಟು ಕಪ್ಪು. ಚುಕ್ಕಿ ನಂತರದ್ದು ಛಾಯೆ: 3 ಅಂದರೆ ಹೊನ್ನು, 1 ಅಂದರೆ ಬೂದಿ. ಕೆಲವು ಕಂಪನಿಗಳ ಲೆಕ್ಕ ಬೇರೆ, ಹಾಗಾಗಿ ಬಾಕ್ಸಿನ ಪಕ್ಕದಲ್ಲಿ ಬರೆದಿರುವ ಹೆಸರನ್ನೂ ಓದಿ. ಕಪ್ಪು ಕೂದಲಿನ ಮೇಲೆ ಆ ಹೊನ್ನು ಅಡಗಿಹೋಗುತ್ತದೆ. ಬಿಳಿ ಕೂದಲಿನ ಮೇಲೆ ಅದೊಂದೇ ಉಳಿಯುತ್ತದೆ. ನರೆ ಜಾಸ್ತಿ ಇರುವವರು ಛಾಯೆ ಇಲ್ಲದ ನ್ಯಾಚುರಲ್ ಶೇಡ್ ತಗೊಳ್ಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಮೆಹಂದಿ ಹಚ್ಚುವವರ ಬಿಳಿ ಕೂದಲೂ ಹೀಗೇ ತಾಮ್ರವಾಗಿರುತ್ತದೆ. ಫೋಟೋದಲ್ಲಿ ಎರಡನ್ನೂ ಬೇರೆ ಮಾಡಿ ಹೇಳುವುದು ನನ್ನಿಂದ ಆಗುವುದಿಲ್ಲ, ಕೇಳಿಯೇ ತಿಳಿಯಬೇಕು. ಕಪ್ಪು ಮೆಹಂದಿ ಅಂತ ಸಿಗುವ ಪುಡಿಗಳಲ್ಲಿ ಎಷ್ಟೋ ಸಲ ಡೈಯಲ್ಲಿರುವ, ಅಲರ್ಜಿ ತರಬಲ್ಲ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕವೇ ಇರುತ್ತದೆ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇದ್ದು, ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ಹಾಳಾಗಬಹುದು. ಮೆಹಂದಿ ಇತಿಹಾಸ ಇದ್ದರೆ ಬಾಚಣಿಗೆಯಲ್ಲಿ ಬಂದ ನಾಲ್ಕು ಕೂದಲಿನ ಮೇಲೆ ಮೊದಲು ಪ್ರಯೋಗ ಮಾಡಿ. ಕಲಸಿದ ಡೈ ತಾಗಿದ ಕೂಡಲೇ ಬಿಸಿಯಾದರೆ, ನೊರೆ ಬಂದರೆ, ಅಲ್ಲಿಗೇ ನಿಲ್ಲಿಸಿ.

ಶಾಂಪೂ ವಿಷಯ ಒಂದೇ ಮಾತು. ನೇರಳೆ ಶಾಂಪೂ ಹಳದಿ ಬಣ್ಣಕ್ಕೆ, ನೀಲಿ ಶಾಂಪೂ ಕಿತ್ತಳೆಗೆ. ಕಂದು ಕೂದಲಿನ ತಾಮ್ರಕ್ಕೆ ನೇರಳೆ ಹಾಕಿ "ಕೆಲಸ ಮಾಡಲಿಲ್ಲ" ಅಂದರೆ ಅದು ಮಾಡಬೇಕಾಗಿಯೇ ಇರಲಿಲ್ಲ. ಅತ್ತಿಗೆಯಷ್ಟು ಗಾಢ ಕೂದಲಿಗೆ ನೀಲಿಯೂ ಅಷ್ಟಕ್ಕಷ್ಟೇ.

ತೇಪೆ ಯಾವುದು, ಹೊಳಪು ಯಾವುದು

ತೇಪೆಯ ಹಾಗೆ ಕಾಣುವ ಎಷ್ಟೋ ಜಾಗಗಳು ತೇಪೆಯಲ್ಲ. ಇದಕ್ಕೆ ಪರೀಕ್ಷೆ ಬಹಳ ಸುಲಭ. ನಿಂತಲ್ಲೇ ನಿಂತು ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಹತ್ತು ಸೆಕೆಂಡ್ ವಿಡಿಯೋ ಮಾಡಿ. ಹೊಳಪು ತಲೆ ತಿರುಗಿದ ಹಾಗೆ ಜಾಗ ಬದಲಿಸುತ್ತದೆ. ನೆರಳೂ ಅಷ್ಟೇ. ನಿಜವಾದ ತೇಪೆ ಅದೇ ಕೂದಲಿಗೆ ಅಂಟಿಕೊಂಡು ಕೂದಲಿನ ಜೊತೆಗೇ ತಿರುಗುತ್ತದೆ. ಬೈತಲೆಯಲ್ಲಿ ಬಿಳಿ ಕಂಡರೆ ಅದು ನರೆಯೋ ಚರ್ಮವೋ ಅನ್ನುವ ಅನುಮಾನಕ್ಕೆ, ಬೈತಲೆ ಸರಿಸಿ ತೆಗೆದ ಎರಡನೇ ಫೋಟೋ ಉತ್ತರ ಹೇಳುತ್ತದೆ. ಚರ್ಮ ನಯವಾದ ಗೆರೆಯಾಗಿ ಕಾಣುತ್ತದೆ. ನರೆ ಗೆರೆಯಿಂದ ಆಚೀಚೆ ಚುಚ್ಚಿಕೊಂಡು ನಿಂತಿರುತ್ತದೆ.

ತೇಪೆ ಹೌದು ಅಂತಾದ ಮೇಲೆ ಅದರ ಅಂಚು ನೋಡಿ. ಅಂಚು ನೇರ ಗೆರೆಯಾಗಿದ್ದರೆ ಭಾಗ ಮಾಡಿ ಹಚ್ಚುವಾಗ ಒಂದು ಸಾಲು ಬಿಟ್ಟುಹೋಗಿದೆ. ಎಲ್ಲ ಕಡೆ ಉಪ್ಪು ಉದುರಿಸಿದ ಹಾಗೆ ಬಿಡಿ ಬಿಡಿ ಬಿಳಿ ಎಳೆಗಳಿದ್ದರೆ ಡೈ ತಲುಪಿದೆ, ಆದರೆ ಹಿಡಿದಿಲ್ಲ. ನರೆ ಕೂದಲು ಒರಟಾಗಿರುತ್ತದೆ. ಕಿವಿ ಮುಂದೆ, ಹಣೆ ಅಂಚಿನಲ್ಲಂತೂ ಬಹಳ ಹಟಮಾರಿ. ಅದಕ್ಕೆ ಡೈ ದಪ್ಪಗೆ ಇರಬೇಕು, ಬಾಕ್ಸ್ ಹೇಳಿದ ಸಮಯ ಪೂರ್ತಿ ಇರಬೇಕು. ಮೋಡದ ಹಾಗೆ ಅಂಚೇ ಇಲ್ಲದ ತೇಪೆ, ಅದೂ ಉದ್ದದಲ್ಲಿ ಇದ್ದರೆ, ಸಾಮಾನ್ಯವಾಗಿ ಡೈ ಸಾಲದೆ ಹೋಗಿರುತ್ತದೆ. ಸೊಂಟ ಮುಟ್ಟುವ ದಪ್ಪ ಜಡೆಗೆ ಒಂದು ಬಾಕ್ಸ್ ಸಾಕಾಗುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದನ್ನು ಶಾಂಪೂವಿನ ಹಾಗೆ ಸವರಿಬಿಡುತ್ತಾರೆ.

ಅತ್ತಿಗೆಯ ಎಡ ಕಿವಿಯ ಹಿಂದೆ ಎರಡು ಬೆರಳಗಲದ ಜಾಗ ಬೂದುಬಿಳಿಯಾಗಿಯೇ ಉಳಿದಿತ್ತು. ಮೇಲಿನ ಅಂಚು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಬಲಗೈಯವರು ತಾವೇ ಹಚ್ಚಿಕೊಂಡರೆ ಎಡ ಕಿವಿಯ ಹಿಂದಿನ ಜಾಗ ತಪ್ಪಿಹೋಗುವುದು ನಾನು ಬಹಳ ಸಲ ನೋಡಿದ್ದೇನೆ. ಕೈ ಅಲ್ಲಿಗೆ ತಲುಪುತ್ತದೆ, ಆದರೆ ಕಣ್ಣು ತಲುಪುವುದಿಲ್ಲ.

ಅತ್ತಿಗೆಗೆ ಏನು ಮಾಡಿದೆವು

ಅತ್ತಿಗೆಗೆ ಬೇಕಾಗಿದ್ದು ತಲೆ ಪೂರ್ತಿ ಒಂದೇ ಬಣ್ಣ. ಉದ್ದವನ್ನು ಬುಡದಷ್ಟು ತಿಳಿ ಮಾಡಬೇಕಾದರೆ ಹಳೇ ಕಪ್ಪನ್ನು ತೆಗೆಯಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಒಂದೇ ದಿನದಲ್ಲಿ ಮುಗಿಯುವುದೂ ಅಲ್ಲ. ಹಾಗಾಗಿ ಬುಡವನ್ನೇ ಉದ್ದದ ಕಡೆ ಇಳಿಸುವುದು ಅಂತ ತೀರ್ಮಾನವಾಯಿತು. ಅಚ್ಚ ಕಪ್ಪು ಬೇಡ ಅಂದೆ. ಬುಡಕ್ಕೆ ಕಪ್ಪು ಹಾಕಿದರೆ ಇವತ್ತು ಹೊಂದುತ್ತದೆ, ಆದರೆ ಅವರು ಬಿಡಬೇಕು ಅಂದುಕೊಂಡಿದ್ದ ಕಪ್ಪಿಗೇ ವಾಪಸ್ ಹೋದ ಹಾಗೆ. ಶೇಡ್ 3, ನ್ಯಾಚುರಲ್ ಗಾಢ ಕಂದು. ಮನೆಯೊಳಗೆ ಅದು ಕಪ್ಪೇ. ಬಿಸಿಲಲ್ಲಿ ಹತ್ತಿರ ಬಂದು ನೋಡಿದರೆ ಮಾತ್ರ ಉದ್ದಕ್ಕಿಂತ ಒಂಚೂರು ತಿಳಿ.

ಮೊದಲ ಡೈ ಆಗಿ ಎಂಟು ದಿನ ಬಿಟ್ಟೆವು. ಬಾಕ್ಸ್ ಬದಲಾದ್ದರಿಂದ ಅಲರ್ಜಿ ಪರೀಕ್ಷೆ ಇನ್ನೊಮ್ಮೆ ಮಾಡಿಸಿದೆ. ಕಿವಿ ಹಿಂದೆ ಒಂದು ಚುಕ್ಕಿ, 48 ಗಂಟೆ ಕಾಯುವುದು. "ಮೊನ್ನೆ ತಾನೇ ಹಚ್ಚಿದೀನಲ್ಲೇ" ಅಂತ ಗೊಣಗಿದರು. ಪಿಪಿಡಿ ಅಲರ್ಜಿ ಯಾವ ಸಲ ಬೇಕಾದರೂ ಶುರುವಾಗಬಹುದು. ತುರಿಕೆ, ನೆತ್ತಿ ಕೆಂಪಾಗುವುದು, ಕಣ್ಣಿನ ಸುತ್ತ ಊದುವುದು ಇದ್ದರೆ ಫೋಟೋ ನನಗೆ ಕಳಿಸಬೇಡಿ, ಡಾಕ್ಟರ ಹತ್ತಿರ ಹೋಗಿ. ಕೂದಲು ಎಷ್ಟು ಒಣಗಿದೆ, ಎಷ್ಟು ತುಂಡಾಗುತ್ತಿದೆ ಅನ್ನುವುದೂ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆದಾಗ ರಬ್ಬರಿನ ಹಾಗೆ ಹಿಗ್ಗಿ ಹರಿದರೆ ಮತ್ತೆ ಡೈ ಬೇಡ. ಅತ್ತಿಗೆಯ ಕೂದಲು ಆ ಪರೀಕ್ಷೆಯಲ್ಲಿ ಪಾಸಾಯಿತು.

ಹಚ್ಚಿದ ಕ್ರಮ ಹೀಗೆ. ಮೊದಲು ಕಿವಿ ಮುಂದಿನ ತಾಮ್ರದ ಎಳೆಗಳಿಗೂ, ಎಡ ಕಿವಿ ಹಿಂದೆ ಬಿಟ್ಟುಹೋದ ಜಾಗಕ್ಕೂ. ಹಟಮಾರಿ ಕೂದಲಿಗೆ ಸಮಯ ಜಾಸ್ತಿ ಸಿಗಲಿ ಅಂತ. ಆಮೇಲೆ ಹಿಂದಿನಿಂದ ಮುಂದಕ್ಕೆ, ಅರ್ಧ ಬೆರಳಗಲದ ಸಾಲು ತೆಗೆಯುತ್ತಾ ಬುಡದ ನಾಲ್ಕೂವರೆ ಸೆಂಟಿಮೀಟರಿಗೆ ಮಾತ್ರ. ಕಪ್ಪು ಶುರುವಾಗುವ ಗೆರೆಯ ಹತ್ತಿರ ಬ್ರಷ್ ಬಿಟ್ಟು ಬೆರಳಲ್ಲಿ ಸವರಿದೆ, ಗೆರೆ ಕರಗಿದ ಹಾಗೆ ಕಾಣಲಿ ಅಂತ. ಉದ್ದಕ್ಕೆ ಒಂದು ಹನಿಯೂ ಹಾಕಲಿಲ್ಲ. ಕಪ್ಪಿನ ಮೇಲೆ ಮತ್ತೆ ಹಾಕಿದರೆ ಅದು ಇನ್ನೂ ಕಪ್ಪಾಗಿ ಮತ್ತೆ ಹೊಂದದೆ ಹೋಗುತ್ತದೆ. ಸಮಯ ಬಾಕ್ಸಿನಲ್ಲಿ ಬರೆದಷ್ಟೇ, ಅದನ್ನು ಎಣಿಸಿದ್ದು ಕೊನೆಯ ಸಾಲು ಹಚ್ಚಿದ ಮೇಲೆ.

ಮೂರನೇ ದಿನ ಮತ್ತೆ ಗೇಟಿನ ಹತ್ತಿರ ನಿಲ್ಲಿಸಿ ಅದೇ ಫೋಟೋಗಳನ್ನು ತೆಗೆದೆ. ಎಳೆ ಮಡಚಿ ಬೈತಲೆಯ ಮೇಲೆ ಮಲಗಿಸಿ ಕಪ್ಪುಬಿಳುಪು ಮಾಡಿದರೆ ಬುಡದ ಮೊದಲ ಎರಡು ಪಟ್ಟೆ ಒಂದಾಗಿದ್ದವು. ಉದ್ದದ ಜೊತೆ ವ್ಯತ್ಯಾಸ ಇತ್ತು, ಆದರೆ ಹುಡುಕಿದರೆ ಮಾತ್ರ. ಕಿವಿ ಹಿಂದಿನ ತೇಪೆ ಹೋಗಿತ್ತು. ಕಿವಿ ಮುಂದೆ ನಾಲ್ಕೈದು ಎಳೆ ಇನ್ನೂ ಮಿನುಗುತ್ತಿದ್ದವು. ಅವನ್ನು ಹಾಗೇ ಬಿಟ್ಟೆವು. ನಾಲ್ಕು ಎಳೆಗೋಸ್ಕರ ಮೂರನೇ ಸಲ ಪೆರಾಕ್ಸೈಡ್ ಹಾಕುವುದು ನನಗೆ ಒಪ್ಪುವ ಮಾತಲ್ಲ. ಗೃಹಪ್ರವೇಶದ ದಿನ ಅದರ ಮೇಲೆ ಮಲ್ಲಿಗೆ ದಂಡೆ ಬಂತು.

ಆರು ವಾರಕ್ಕೆ ಮತ್ತೊಂದು ಫೋಟೋ ಬಂತು, ಮತ್ತೆ ಬಚ್ಚಲುಮನೆಯ ಹಳದಿ ಬಲ್ಬಿನ ಕೆಳಗೇ. ಈ ಸಲ ಕೈಯಲ್ಲಿ ಬಿಳಿ ಹಾಳೆ ಮಾತ್ರ ಮರೆಯದೆ ಹಿಡಿದಿದ್ದರು. ಹಾಳೆ ಅರಿಶಿನ ಸವರಿದ ಹಾಗಿತ್ತು. "ಬೆಳಿಗ್ಗೆ ಕಳಿಸ್ತೀನಿ ಬಿಡು" ಅಂತ ಅವರೇ ಕೆಳಗೆ ಬರೆದಿದ್ದರು.